ಇನ್ನೂರು ಅಕ್ಷರದಲ್ಲಿ ರಜೆ ಕೇಳುವುದು

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಡಿಸ್ಪ್ಯಾಚ್ ವಿಭಾಗದಲ್ಲಿ ನನ್ನ ಕೆಲಸ. ಮೊದಲು ರಜೆ ಬೇಕಾದರೆ ಬಿಳಿ ಹಾಳೆಯಲ್ಲಿ ಅರ್ಜಿ ಬರೆದು ಮ್ಯಾನೇಜರ ಮೇಜಿನ ಮೇಲಿಟ್ಟು ಬರುತ್ತಿದ್ದೆವು. ಈಗ ಅದಕ್ಕೊಂದು ಪೋರ್ಟಲ್ ಬಂದಿದೆ. ರಜೆಯ ಬಗೆ, ದಿನಾಂಕ, ಪೂರ್ತಿ ದಿನವೋ ಅರ್ಧ ದಿನವೋ, ಎಲ್ಲವನ್ನೂ ಆಯ್ದುಕೊಂಡ ಮೇಲೆ ಕೆಳಗೆ ಎರಡು ಪುಟ್ಟ ಪೆಟ್ಟಿಗೆಗಳು. ಒಂದು ಕಾರಣಕ್ಕೆ, ಇನ್ನೊಂದು ಟಿಪ್ಪಣಿಗೆ. ಕಾರಣದ ಪೆಟ್ಟಿಗೆಯ ಮೂಲೆಯಲ್ಲಿ ಸಣ್ಣದಾಗಿ `0/200` ಎಂದಿರುತ್ತದೆ. ಆ ಇನ್ನೂರನ್ನು ನಾನು ಮೊದಲ ಸಲ ಗಮನಿಸಲೇ ಇಲ್ಲ.

ಊರಿನಲ್ಲಿದ್ದ ಅಮ್ಮನಿಗೆ ಎಡಗಣ್ಣಿನಲ್ಲಿ ಪೊರೆ ಬಂದಿತ್ತು. ಬುಧವಾರ ಆಪರೇಷನ್, ಗುರುವಾರ ಪಟ್ಟಿ ಬಿಚ್ಚಿ ನೋಡುತ್ತಾರೆ, ಎರಡು ದಿನ ರಜೆ ಬೇಕು. ಶಾಲೆಯಲ್ಲಿ ಕಲಿತ ರಜಾ ಅರ್ಜಿ ಕೈಗೆ ಅಂಟಿಕೊಂಡಿತ್ತಲ್ಲ, ಮೊಬೈಲಿನಲ್ಲಿ ಅದೇ ಧಾಟಿಯಲ್ಲಿ ಬರೆದು, ನಕಲಿಸಿ ಪೆಟ್ಟಿಗೆಗೆ ಸುರಿದು ಕಳುಹಿಸಿಬಿಟ್ಟೆ. ಅಲ್ಲಿ ಉಳಿದದ್ದು ಇಷ್ಟು:

"ಮಾನ್ಯರೇ, ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಮಂಡ್ಯದ ಹತ್ತಿರದ ಊರಿನಲ್ಲಿರುವ ನನ್ನ ತಾಯಿಯವರಿಗೆ ಬಹಳ ದಿನಗಳಿಂದ ಎಡಗಣ್ಣು ಮಂಜಾಗಿದ್ದು, ವೈದ್ಯರಲ್ಲಿ ತೋರಿಸಲಾಗಿ ಪೊರೆ ಬಂದಿದೆಯೆಂದು ತಿಳಿಸಿರುತ್ತಾರೆ. ಆದಕಾರಣ ಶಸ್ತ್ರಚಿಕಿತ್ಸೆಗಾಗಿ"

ಮುಂದಿನದು ಇಲ್ಲ. ಅಂಟಿಸಿದ ಬರಹ ಮಿತಿ ಮೀರಿದರೆ ಪೆಟ್ಟಿಗೆ ದೂರು ಹೇಳುವುದಿಲ್ಲ, ಸದ್ದಿಲ್ಲದೆ ಬಾಲ ಕತ್ತರಿಸುತ್ತದೆ. ಜೊತೆಗೆ ಹೋಗಲು ನನ್ನನ್ನು ಬಿಟ್ಟರೆ ಯಾರೂ ಇಲ್ಲ, ಮರುದಿನವೂ ಆಸ್ಪತ್ರೆಗೆ ಹೋಗಲೇಬೇಕು ಎಂಬ ಮುಖ್ಯ ಮಾತುಗಳೆಲ್ಲ ಆ ಬಾಲದಲ್ಲಿದ್ದವು. ಅರ್ಜಿ ವಾಪಸ್ ಬಂತು. ಮ್ಯಾನೇಜರು ಕರೆದು, "ವಿನಂತಿ ಏನು ಎಂದು ಕೊನೆಗೂ ಬರೆದಿಲ್ಲವಲ್ಲರೀ? ಎರಡನೇ ದಿನ ಯಾತಕ್ಕೆ?" ಎಂದರು. ತಮ್ಮ ಮೊಬೈಲನ್ನು ನನ್ನ ಕಡೆಗೆ ತಿರುಗಿಸಿ ತೋರಿಸಿದರು. ಒಪ್ಪಿಗೆಗೆ ಕಾದಿರುವ ಅರ್ಜಿಗಳ ಪಟ್ಟಿಯಲ್ಲಿ ಒಬ್ಬೊಬ್ಬರಿಗೆ ಒಂದೇ ಸಾಲು. ನನ್ನ ಹೆಸರಿನ ಮುಂದೆ "ಮಾನ್ಯರೇ, ತಮ್ಮಲ್ಲಿ" ಎಂದು ಬಂದು ಮೂರು ಚುಕ್ಕೆ ಇತ್ತು. ನನ್ನ ಮೇಲಿದ್ದವನದೂ "ಮಾನ್ಯರೇ" ಎಂದೇ ಶುರುವಾಗಿತ್ತು, ಕೆಳಗಿದ್ದವನದೂ ಹಾಗೆಯೇ. ಅಷ್ಟು ಮರ್ಯಾದೆ ಮಾಡಿಯೂ ಯಾರಿಗೆ ಏನು ಬೇಕೆಂದು ಅವರಿಗೆ ತಿಳಿದಿರಲಿಲ್ಲ.

ಅಂದು ಸಂಜೆ ಕುಳಿತು ಎಣಿಸಿದೆ. "ಮಾನ್ಯರೇ, ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ" ಎಂಬುದೊಂದೇ ನಲವತ್ತೆರಡು ಅಕ್ಷರ ನುಂಗಿತ್ತು. ಅಷ್ಟು ಹೇಗೆ ಎಂದು ಬೆರಗಾಗಬೇಡಿ. ನಾವು ಎಣಿಸುವ ಅಕ್ಷರವೇ ಬೇರೆ, ಪೆಟ್ಟಿಗೆ ಎಣಿಸುವ ಅಕ್ಷರವೇ ಬೇರೆ. ಅದಕ್ಕೆ ವ್ಯಂಜನ ಒಂದು, ಅದರ ಮೇಲಿನ ಗುಣಿತದ ಚಿಹ್ನೆ ಇನ್ನೊಂದು, ಒತ್ತಕ್ಷರ ಬಂದರೆ ನಡುವೆ ಕಣ್ಣಿಗೆ ಕಾಣದ ಒಂದು ಹಲಂತ ಬೇರೆ. "ಶಸ್ತ್ರಚಿಕಿತ್ಸೆ" ನಮ್ಮ ಕಣ್ಣಿಗೆ ಐದಕ್ಷರ. ಪೆಟ್ಟಿಗೆಗೆ ಹದಿನಾಲ್ಕು. ಅದರಲ್ಲಿ "ಸ್ತ್ರ" ಒಂದೇ ಐದಾಗುತ್ತದೆ: ಸ, ಹಲಂತ, ತ, ಹಲಂತ, ರ. ಅದೇ "ಆಪರೇಷನ್" ಎಂದು ಬರೆದರೆ ಏಳಕ್ಕೆ ಮುಗಿಯಿತು, ಸರಿಯಾಗಿ ಅರ್ಧ. ಅಮ್ಮನೂ ಮನೆಯಲ್ಲಿ ಆಪರೇಷನ್ ಎಂದೇ ಹೇಳುತ್ತಿದ್ದಳು. ನಾನು ಮಾತ್ರ ಅರ್ಜಿಯಲ್ಲಿ ಪಂಡಿತನಾಗಲು ಹೋಗಿದ್ದೆ.

ಇನ್ನೊಂದು ಸಂಗತಿ ಮ್ಯಾನೇಜರ ಪಟ್ಟಿ ನೋಡಿದ ಮೇಲೆ ಹೊಳೆಯಿತು. ಹೆಸರು, ವಿಭಾಗ, ರಜೆಯ ಬಗೆ, ಎಲ್ಲಿಂದ ಎಲ್ಲಿಯವರೆಗೆ, ಒಟ್ಟು ಎಷ್ಟು ದಿನ, ಇವೆಲ್ಲ ಅವರ ಪರದೆಯಲ್ಲಿ ಆಗಲೇ ಇರುತ್ತವೆ. ಕಾರಣದಲ್ಲಿ ಅವನ್ನೇ ಮತ್ತೆ ಬರೆಯುವುದು ದಂಡ. ಬರೆಯಬೇಕಾದದ್ದು ಆ ಪರದೆಯಲ್ಲಿ ಇಲ್ಲದ ಎರಡೇ ಮಾತು: ಏನಾಗಿದೆ, ಮತ್ತು ಇಷ್ಟೇ ದಿನ ಯಾತಕ್ಕೆ. ಎರಡನೆಯದನ್ನು ಬಿಟ್ಟರೆ ಅರ್ಜಿ ಪ್ರಶ್ನೆ ಹೊತ್ತು ವಾಪಸ್ ಬರುತ್ತದೆ. ಮೊದಲನೆಯದು ಸಾಲಿನ ಮೊದಲ ಮೂರು ನಾಲ್ಕು ಪದಗಳೊಳಗೆ ಬರಬೇಕು, ಏಕೆಂದರೆ ಪಟ್ಟಿಯಲ್ಲಿ ಕಾಣುವುದು ಅಷ್ಟೇ. ಮತ್ತೆ ಬರೆದದ್ದು ಹೀಗೆ:

"ತಾಯಿಯ ಕಣ್ಣಿನ ಪೊರೆ ಆಪರೇಷನ್, ಮರುದಿನ ಪಟ್ಟಿ ಬಿಚ್ಚಿ ತಪಾಸಣೆ. ಜೊತೆಗಿರಲು ನಾನೊಬ್ಬನೇ."

ಪೆಟ್ಟಿಗೆಯ ಲೆಕ್ಕದಲ್ಲೂ ಇದು ಎಪ್ಪತ್ತೈದೇ. "ದಯವಿಟ್ಟು ರಜೆ ಮಂಜೂರು ಮಾಡಬೇಕಾಗಿ" ಎಂಬುದನ್ನು ಬಿಡುವಾಗ ಮಾತ್ರ ಕೈ ತಡೆಯಿತು, ಒರಟುತನವಾಗುತ್ತದೇನೋ ಎಂದು. ಆದರೆ ರಜೆಯ ಪೋರ್ಟಲಿಗೆ ಬಂದು ಇನ್ನೇನು ಕೇಳುತ್ತಾರೆ?

ಟಿಪ್ಪಣಿಯ ಪೆಟ್ಟಿಗೆಯನ್ನು ಬಹಳ ಮಂದಿ ಖಾಲಿ ಬಿಡುತ್ತಾರೆ, ಇಲ್ಲವೇ ಕಾರಣವನ್ನೇ ಇನ್ನೊಮ್ಮೆ ತುಂಬುತ್ತಾರೆ. ನಾನು ಅದನ್ನು ನನ್ನ ಕುರ್ಚಿಗೆ ಮೀಸಲಿಟ್ಟಿದ್ದೇನೆ. ಕಾರಣ ನನ್ನ ಮನೆಯದು, ಟಿಪ್ಪಣಿ ಕಚೇರಿಯದು. ಆ ಸಲ ಬರೆದದ್ದು: "ಗುರುವಾರದ ಲಾರಿ ಪಟ್ಟಿ ಮಂಗಳವಾರವೇ ಸಿದ್ಧ. ಗೇಟ್ ಪಾಸಿಗೆ ಉಗ್ರಾಣದವರು ಸಹಿ ಹಾಕುತ್ತಾರೆ, ಒಪ್ಪಿದ್ದಾರೆ. ಸಂಜೆ 4ರ ನಂತರ ಫೋನ್ ಸಿಗುತ್ತದೆ." ಇದರಲ್ಲಿ "ಒಪ್ಪಿದ್ದಾರೆ" ಎಂಬ ಪದಕ್ಕೆ ತೂಕ ಹೆಚ್ಚು. ಅದಿಲ್ಲದಿದ್ದರೆ ಮ್ಯಾನೇಜರು ಉಗ್ರಾಣಕ್ಕೆ ಫೋನ್ ಮಾಡಿ ಕೇಳಬೇಕು, ಅಲ್ಲಿಯವರು ಊಟಕ್ಕೆ ಹೋಗಿರುತ್ತಾರೆ, ನನ್ನ ಅರ್ಜಿ ಮಧ್ಯಾಹ್ನ ದಾಟುತ್ತದೆ. ಹಾಗೆಂದು ಕೇಳದೆಯೇ ಬರೆದು ಸಿಕ್ಕಿಬೀಳಬಾರದು. ನಮ್ಮಲ್ಲಿ ಒಬ್ಬರು ಹಾಗೆ ಬರೆದು, ಹೆಸರು ಹೊತ್ತವರಿಗೆ ವಿಷಯ ಗೊತ್ತಾದದ್ದು ಲಾರಿ ಬಂದು ಗೇಟಿನಲ್ಲಿ ನಿಂತ ಮೇಲೆ.

ನನಗೇ ಹುಷಾರಿಲ್ಲದಾಗ ಇಷ್ಟು ಬಿಡಿಸಿ ಬರೆಯುವುದಿಲ್ಲ. ಕಾರಣದ ಪೆಟ್ಟಿಗೆಯಲ್ಲಿ ಬಿದ್ದದ್ದು ದಾಖಲೆಯಾಗಿ ಉಳಿಯುತ್ತದೆ, ಸಂಬಳ ಲೆಕ್ಕ ಹಾಕುವವರೂ ನೋಡುತ್ತಾರೆ. "ಅನಾರೋಗ್ಯ, ವೈದ್ಯರ ಚೀಟಿ ಲಗತ್ತಿಸಿದೆ" ಎಂದರೆ ಸಾಕು, ಕಾಯಿಲೆಯ ಹೆಸರು ಚೀಟಿಯಲ್ಲಿರುತ್ತದೆ. "ಸ್ವಂತ ಕೆಲಸ" ಎಂಬುದು ಒಂದು ದಿನಕ್ಕೆ ನಡೆಯುತ್ತದೆ. ಮೂರು ದಿನಕ್ಕೆ ಹಾಗೆ ಬರೆದರೆ ಯಾವ ಕೆಲಸ ಎಂದು ಕೇಳಿಯೇ ಕೇಳುತ್ತಾರೆ.

ಮಂಡ್ಯದಲ್ಲಿ ಬೇರೊಂದು ಕಚೇರಿಯಲ್ಲಿರುವ ನನ್ನ ತಂಗಿಗೆ ಈ ಲೆಕ್ಕವನ್ನೆಲ್ಲ ಹೆಮ್ಮೆಯಿಂದ ಹೇಳಿದೆ. ಅವಳ ಪೋರ್ಟಲಿನಲ್ಲೂ ಇನ್ನೂರೇ, ಆದರೆ ಅದು ಅಕ್ಷರವನ್ನಲ್ಲ, ಬೈಟುಗಳನ್ನು, ಅಂದರೆ ಕಂಪ್ಯೂಟರಿನಲ್ಲಿ ಬರಹ ಹಿಡಿಯುವ ಜಾಗವನ್ನು ಎಣಿಸುತ್ತದೆ. ಇಂಗ್ಲಿಷಿನ ಅಕ್ಷರಕ್ಕೆ, ಖಾಲಿ ಜಾಗಕ್ಕೆ, ಚುಕ್ಕೆಗೆ ಒಂದೊಂದು ಬೈಟಾದರೆ, ಕಂಪ್ಯೂಟರು ಬರಹವನ್ನು ಉಳಿಸಿಡುವ ಯುಟಿಎಫ್-8 ಎಂಬ ಕ್ರಮದಲ್ಲಿ ಕನ್ನಡದ ಪ್ರತಿ ವ್ಯಂಜನ, ಗುಣಿತ, ಹಲಂತಕ್ಕೂ ಮೂರು ಮೂರು. ನನ್ನ ಎಪ್ಪತ್ತೈದರ ಸಾಲನ್ನು ಅಲ್ಲಿ ಹಾಕಿದರೆ 201 ಆಗುತ್ತದೆ. "ಕೊನೆಯ ಚುಕ್ಕೆ ತೆಗೆದುಬಿಡು ಅಣ್ಣ, ಹಿಡಿಸುತ್ತದೆ" ಎಂದು ನಕ್ಕಳು. ಯಾವ ಪೆಟ್ಟಿಗೆ ಯಾವುದನ್ನು ಎಣಿಸುತ್ತದೆ ಎಂದು ತಿಳಿಯಲು "ಕ" ಎಂದು ಒಂದೇ ಅಕ್ಷರ ಹೊಡೆದು ಮೂಲೆಯ ಸಂಖ್ಯೆ ನೋಡಿದರಾಯಿತು. ಒಂದು ತೋರಿಸಿದರೆ ನಮ್ಮಂಥದು, ಮೂರು ತೋರಿಸಿದರೆ ಅವಳಂಥದು. ಸಂಖ್ಯೆಯನ್ನೇ ತೋರಿಸದ ಪೆಟ್ಟಿಗೆಯಾದರೆ, ಕಳುಹಿಸಿದ ಮೇಲೆ ಅರ್ಜಿಯನ್ನು ಮತ್ತೆ ತೆರೆದು ಕೊನೆಯ ಪದ ಇದೆಯೇ ಎಂದು ನೋಡಬೇಕು. ನಾನು ಈಗ ಹೇಗಿದ್ದರೂ ನೋಡುತ್ತೇನೆ.

ಆಪರೇಷನ್ ಆಗಿ ವಾರಕ್ಕೆ ಇನ್ನೊಮ್ಮೆ ತೋರಿಸಬೇಕಿತ್ತು. ಊರಿಗೆ ಹೋಗುವ ಬಸ್ಸಿನಲ್ಲಿ ಕುಳಿತೇ ಮರುದಿನಕ್ಕೆ ಅರ್ಧ ದಿನ ಹಾಕಿದೆ: "ತಾಯಿಯ ಆಪರೇಷನ್ ನಂತರದ ತಪಾಸಣೆ, ಬೆಳಿಗ್ಗೆ." ಟಿಪ್ಪಣಿಯಲ್ಲಿ "2 ಗಂಟೆಗೆ ಹಾಜರು, ಲಾರಿ ಬರುವುದು 3ಕ್ಕೆ." ಒಪ್ಪಿಗೆಯ ಸಂದೇಶ ಬಂದಾಗ ಬಸ್ಸು ಇನ್ನೂ ಶ್ರೀರಂಗಪಟ್ಟಣ ದಾಟಿರಲಿಲ್ಲ.