ಪ್ರಶ್ನೆಪತ್ರಿಕೆ ರಚನೆಗೆ ಕರೆಯುವ ಪತ್ರ: ನನ್ನ ಅನುಭವ

ಶಿರಸಿಯ ಸ್ವಾಯತ್ತ ಕಾಲೇಜೊಂದರ ಪರೀಕ್ಷಾ ವಿಭಾಗದ ಹೊಣೆ ನನಗೆ ಬಂದ ಮೊದಲ ವರ್ಷ, ಕಾರವಾರದ ಅರ್ಥಶಾಸ್ತ್ರ ಪ್ರಾಧ್ಯಾಪಕರೊಬ್ಬರಿಗೆ ಪ್ರಶ್ನೆಪತ್ರಿಕೆ ರಚಿಸಿಕೊಡುವಂತೆ ಹಳೆಯ ಕಡತದಲ್ಲಿದ್ದ ಪತ್ರವನ್ನೇ ನಕಲು ಮಾಡಿ, ಅವರ ಕಾಲೇಜಿನ ಪ್ರಾಚಾರ್ಯರ ಮೂಲಕ ಕಳುಹಿಸಿದೆ. ಅಲ್ಲಿನ ಕಚೇರಿಯಲ್ಲಿ ಲಕೋಟೆಯನ್ನು ಒಡೆದು, ವಿಷಯದ ಹೆಸರಿನ ಸಮೇತ ಆವಕ ವಹಿಯಲ್ಲಿ ದಾಖಲಿಸಿದರು. ತಪ್ಪು ಅವರದಲ್ಲ, ಯಾರೂ ತೆರೆಯಬಾರದೆಂದು ನಾನು ಎಲ್ಲಿಯೂ ಬರೆದಿರಲಿಲ್ಲ. ರಚನಾಕಾರರು ಯಾರೆಂಬುದು ಹೊರಬಿದ್ದ ಮೇಲೆ ಪತ್ರಿಕೆಯನ್ನು ಎಷ್ಟು ಭದ್ರವಾಗಿಟ್ಟರೂ ಪ್ರಯೋಜನ ಕಡಿಮೆಯಾದ್ದರಿಂದ, ಆ ಆಹ್ವಾನವನ್ನು ಹಿಂದಕ್ಕೆ ಪಡೆದು ಇನ್ನೊಬ್ಬರನ್ನು ಕೇಳಬೇಕಾಯಿತು.

ಅಂದಿನಿಂದ ಪತ್ರವನ್ನು ತಜ್ಞರ ಮನೆಯ ವಿಳಾಸಕ್ಕೆ, ಎರಡು ಲಕೋಟೆಗಳಲ್ಲಿ ಕಳುಹಿಸುತ್ತೇನೆ. ಹೊರಗಿನದರ ಮೇಲೆ ವಿಳಾಸವಷ್ಟೇ ಇರುತ್ತದೆ; ಒಳಗಿನದರ ಮೇಲೆ ‘ಗೋಪ್ಯ, ವಿಳಾಸದಾರರೇ ತೆರೆಯತಕ್ಕದ್ದು’ ಎಂದಿರುತ್ತದೆ. ಗೋಪ್ಯತೆಯ ಷರತ್ತನ್ನು ಹೀಗೆ ಬರೆಯುತ್ತೇನೆ: ‘ತಾವು ಈ ಕಾರ್ಯವನ್ನು ಒಪ್ಪಿದರೂ ಒಪ್ಪದಿದ್ದರೂ ಈ ಆಹ್ವಾನದ ವಿಷಯವನ್ನು ಯಾರಿಗೂ ತಿಳಿಸಬಾರದಾಗಿ ಕೋರುತ್ತೇನೆ. ಪತ್ರಿಕೆಯನ್ನು ತಾವೇ ಸಿದ್ಧಪಡಿಸಬೇಕು. ಬೆರಳಚ್ಚಿಗೆ ಬೇರೆಯವರಿಗೆ ಕೊಡಬಾರದು. ಕರಡನ್ನಾಗಲಿ ಪ್ರತಿಯನ್ನಾಗಲಿ ಉಳಿಸಿಕೊಳ್ಳಬಾರದು.’ ಒಪ್ಪಿಗೆ ಪತ್ರದಲ್ಲಿಯೇ, ಈ ಪರೀಕ್ಷೆಗೆ ತಮ್ಮ ಹತ್ತಿರದ ಸಂಬಂಧಿಕರು ಕುಳಿತಿಲ್ಲ, ಈ ವಿಷಯಕ್ಕೆ ತಾವು ಮನೆಪಾಠ ಹೇಳುತ್ತಿಲ್ಲ, ಗೈಡ್ ಬರೆದಿಲ್ಲ ಎಂಬ ಘೋಷಣೆಗೂ ಸಹಿ ಕೇಳುತ್ತೇನೆ. ಈ ಮಾತನ್ನು ಪತ್ರಿಕೆ ಬಂದ ಮೇಲೆ ಕೇಳಿದರೆ ಇಬ್ಬರಿಗೂ ಮುಜುಗರ.

ಗಡುವಿನ ಪಾಠ ಕಲಿಸಿದ್ದು ಮಳೆಗಾಲ. ‘ಮೂರು ವಾರಗಳೊಳಗೆ ಕಳುಹಿಸಿಕೊಡಿ’ ಎಂದು ಬರೆದಿದ್ದ ವರ್ಷ, ಘಟ್ಟದಲ್ಲಿ ಮಣ್ಣು ಕುಸಿದು ಟಪಾಲು ಆರು ದಿನ ತಡವಾಯಿತು. ತಜ್ಞರು ಪತ್ರ ಕೈಸೇರಿದ ದಿನದಿಂದ ಎಣಿಸಿದರು, ನಾನು ಪತ್ರದ ಮೇಲಿನ ದಿನಾಂಕದಿಂದ ಎಣಿಸಿದ್ದೆ. ಅವರು ಕೊನೆಯ ದಿನ ಅಂಚೆಗೆ ಹಾಕಿದ್ದು ಇಲ್ಲಿಗೆ ಬರಲು ಮತ್ತೆ ನಾಲ್ಕು ದಿನ ಹಿಡಿಯಿತು. ಈಗ ವಾರಗಳ ಲೆಕ್ಕ ಬಿಟ್ಟು ದಿನಾಂಕವನ್ನೇ ಕೊಡುತ್ತೇನೆ. ಆಗಸ್ಟ್ 1ರ ಪತ್ರವಾದರೆ: ‘ಒಪ್ಪಿಗೆ ಪತ್ರವು ಆಗಸ್ಟ್ 12ರೊಳಗೆ ತಲುಪದಿದ್ದಲ್ಲಿ ತಮಗೆ ಅನುಕೂಲವಿಲ್ಲವೆಂದು ಭಾವಿಸಲಾಗುವುದು. ಎರಡು ಪ್ರತ್ಯೇಕ ಪತ್ರಿಕೆಗಳು, ಅಂಕ ಹಂಚಿಕೆಯ ಮೌಲ್ಯಮಾಪನ ಸೂತ್ರದೊಂದಿಗೆ, ಸೆಪ್ಟೆಂಬರ್ 5ರ ಸಂಜೆ 5 ಗಂಟೆಯೊಳಗೆ ನಮ್ಮ ಕೈಸೇರಬೇಕು.’ ಇಲ್ಲಿ ‘ಕಳುಹಿಸಬೇಕು’ ಎಂಬುದಕ್ಕೆ ಬದಲಾಗಿ ‘ಕೈಸೇರಬೇಕು’ ಎಂಬ ಪದವೇ ಮುಖ್ಯ. ಮೊದಲ ದಿನಾಂಕ ದಾಟಿದರೆ, ಒಂದು ಫೋನ್ ಮಾಡಿ ಖಚಿತಪಡಿಸಿಕೊಂಡು, ಪಟ್ಟಿಯಲ್ಲಿರುವ ಮುಂದಿನವರಿಗೆ ಬರೆಯಲು ನನಗಿನ್ನೂ ಸಮಯವಿರುತ್ತದೆ.

ಪಠ್ಯಕ್ರಮ, ಮಾದರಿ ಪತ್ರಿಕೆ, ವಿಳಾಸ ಬರೆದ ಮರುಲಕೋಟೆಗಳನ್ನು ಜೊತೆಗಿಡುತ್ತೇನೆ. ಸಂಭಾವನೆಯ ಬಿಲ್ಲಿನ ನಮೂನೆಯೂ ಇರುತ್ತದೆ, ಆದರೆ ಅದರಲ್ಲಿ ವಿಷಯದ ಹೆಸರಿನ ಜಾಗದಲ್ಲಿ ಸಂಕೇತ ಸಂಖ್ಯೆ ಮಾತ್ರ. ಬಿಲ್ಲು ಲೆಕ್ಕಪತ್ರ ವಿಭಾಗದ ಮೂರು ಮೇಜುಗಳನ್ನು ದಾಟುವುದರಿಂದ, ಆ ವಿಷಯದ ಪರೀಕ್ಷೆ ಮುಗಿಯುವವರೆಗೂ ಅದು ನನ್ನ ಕಪಾಟಿನಿಂದ ಹೊರಗೆ ಹೋಗುವುದಿಲ್ಲ.