ಜರ್ಮನ್‌ನಲ್ಲಿ ನಮ್ಮ ಮನೆಯ ಫೋನ್: 'ಉಂಡು ಬಿಟ್ಟೆ' ಇಂದ ಬುಕಿಂಗ್‌ವರೆಗೆ

ನಾವು ಫೋನ್ ಎತ್ತದಿದ್ದಾಗ ಜರ್ಮನ್‌ನಲ್ಲಿ ಉತ್ತರ ಕೊಟ್ಟು ಮೆಸೇಜ್ ಹಿಡಿದಿಡುವ ಮೆಷಿನ್ ಇಡುತ್ತೇನೆ ಅಂತ ಹೋಮ್‌ಸ್ಟೇ ನಡೆಸುವ ನಮ್ಮ ಗೆಳೆಯರಿಗೆ ಹೇಳಿದಾಗ ಎಲ್ಲರೂ ನಕ್ಕರು. "ಈಗಿನ ಕಾಲದಲ್ಲಿ ಯಾರು ಮಾರಾಯ ಮೆಷಿನ್ ಹತ್ರ ಮಾತಾಡ್ತಾರೆ? ಸುಮ್ನೆ ವಾಟ್ಸಾಪ್ ನಂಬರ್ ಕೊಡು" ಅಂದರು. ಈ ಸೀಸನ್ ಮುಗಿದ ಮೇಲೆ ಅದೇ ಜನ ಬಂದು ಮೆಷಿನ್ ಯಾವುದು, ಏನು ರೆಕಾರ್ಡ್ ಮಾಡಿದ್ದೀಯ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ, ಅಡಿಕೆ ತೋಟದ ಮಧ್ಯೆ ನಾಲ್ಕು ಕೋಣೆ. ಹಾವು, ಕಪ್ಪೆ, ಹಕ್ಕಿ ನೋಡುವ ಹುಚ್ಚಿನವರೇ ಜಾಸ್ತಿ. ಅವರಲ್ಲಿ ಜರ್ಮನಿಯವರು ಒಂದು ಗುಂಪು. ಬಹಳ ಮಂದಿ ರಿಟೈರ್ ಆದವರು. ದುಡ್ಡು ಕಳಿಸುವ ಮುಂಚೆ ಒಂದು ಸಲ ಫೋನ್ ಮಾಡಿ ದನಿ ಕೇಳಲೇಬೇಕು ಅವರಿಗೆ. ಮೊಬೈಲ್ ಸಿಗ್ನಲ್ ನಮ್ಮಲ್ಲಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹಾಗಾಗಿ ಫೈಬರ್ ಡಬ್ಬಿಗೆ ಸಿಕ್ಕಿಸಿದ ಲ್ಯಾಂಡ್‌ಲೈನೇ ಗತಿ.

ತೊಂದರೆ ಏನಂದ್ರೆ, ಅವರು ಸಂಜೆ ಆರಕ್ಕೆ ಆರಾಮಾಗಿ ಕೂತು ಫೋನ್ ಮಾಡಿದರೆ ಚಳಿಗಾಲದಲ್ಲಿ ನಮಗೆ ರಾತ್ರಿ ಹತ್ತೂವರೆ. ನಾವು ಮಲಗಿ ಒಂದು ನಿದ್ದೆ ಆಗಿರುತ್ತದೆ. ಹೊರದೇಶದ ಕರೆ ಆದ್ದರಿಂದ ನಂಬರ್ ಕೂಡ ಸರಿಯಾಗಿ ಬೀಳುವುದಿಲ್ಲ, ಏನೋ ಉದ್ದದ ಅಂಕಿ ತೋರಿಸುತ್ತದೆ. ವಾಪಸ್ ಮಾಡೋಣ ಅಂದ್ರೆ ಯಾರಿಗೆ? ಒಂದು ಡಿಸೆಂಬರ್‌ನಲ್ಲಿ ಐದು ಜನರ ಗುಂಪು ನಾಲ್ಕು ರಾತ್ರಿಗೆ ಹೀಗೇ ಕೈತಪ್ಪಿತು. ಅವರು ಮೂರು ಸಲ ಮಾಡಿ ಸೋತಿದ್ದರು ಅಂತ ಆಮೇಲೆ ಗೊತ್ತಾಯಿತು. ಹೆಚ್ಚುಕಮ್ಮಿ ಐವತ್ತು ಸಾವಿರ ಹೋಯಿತು.

ಮೊದಲು ಶಿವಮೊಗ್ಗದಲ್ಲಿ ಒಂದು ಸೆಕೆಂಡ್‌ಹ್ಯಾಂಡ್ ಆನ್ಸರಿಂಗ್ ಮೆಷಿನ್ ತಂದೆ. ಸಾವಿರದ ಎಂಟುನೂರು ಇರಬೇಕು. ಇಂಗ್ಲಿಷ್‌ನಲ್ಲಿ ನಾನೇ ಮಾತಾಡಿ ತುಂಬಿಸಿದೆ. ಒಂದು ತಿಂಗಳಲ್ಲಿ ಹದಿನೈದು ಕರೆ ಬಂದಿದ್ದರೆ ಎರಡು ಮೆಸೇಜ್. ಉಳಿದವರು ನನ್ನ ದನಿ ಕೇಳಿದ ತಕ್ಷಣ ಇಟ್ಟುಬಿಡುತ್ತಿದ್ದರು. ಟಕ್ ಅನ್ನುವ ಸದ್ದು ಮಾತ್ರ ರೆಕಾರ್ಡ್ ಆಗಿರುತ್ತಿತ್ತು. ಮಳೆಗಾಲದಲ್ಲಿ ಎರಡು ದಿನ ಕರೆಂಟ್ ಹೋದಾಗ ಮೆಷಿನ್ ನನ್ನ ದನಿಯನ್ನೂ ಮರೆತು, ಕಂಪನಿಯಿಂದ ಬಂದ ಹೆಣ್ಣು ದನಿಯಲ್ಲಿ ಉತ್ತರ ಕೊಡುತ್ತಿತ್ತು. ಒಳಗಿನ ಬ್ಯಾಟರಿ ಸತ್ತಿತ್ತು. ನನಗೆ ಗೊತ್ತಾಗಿದ್ದು ಮೂರು ವಾರದ ಮೇಲೆ.

ಆಮೇಲೆ ಶೋಕಿ ಮಾಡಿದೆ. ದುಡ್ಡು ಕೊಟ್ಟು ನಿಜವಾದ ಜರ್ಮನ್ ಹೆಂಗಸಿನ ದನಿಯಲ್ಲಿ ರೆಕಾರ್ಡಿಂಗ್ ತರಿಸಿದೆ, ಮೂರೂವರೆ ಸಾವಿರ. ಬೆಣ್ಣೆ ಹಾಗಿತ್ತು ದನಿ. ಮೆಸೇಜ್‌ಗಳೂ ಬರತೊಡಗಿದವು. ಆದರೆ ಕೇಳಿದರೆ ಒಂದಕ್ಷರ ಅರ್ಥ ಆಗಲಿಲ್ಲ! ಇಲ್ಲಿ ಒಬ್ಬ ಜರ್ಮನ್ ಮ್ಯಾನೇಜರ್ ಕೂತಿದ್ದಾಳೆ ಅಂದುಕೊಂಡು ಅವರು ಒಂದೇ ಉಸಿರಿನಲ್ಲಿ ಎರಡು ನಿಮಿಷ ಮಾತಾಡಿ ಇಡುತ್ತಿದ್ದರು. ಬೆಂಗಳೂರಿನ ಮ್ಯಾಕ್ಸ್‌ಮುಲ್ಲರ್ ಭವನದಲ್ಲಿ ಎರಡು ಹಂತ ಜರ್ಮನ್ ಕಲಿತಿದ್ದ ತಂಗಿಯ ಮಗನಿಗೆ ಕೇಳಿಸಿದೆ. "ಮಾವ, ನಂಬರ್ ಮಾತ್ರ ಸ್ವಲ್ಪ ಗೊತ್ತಾಗ್ತಿದೆ" ಅಂದ. ಅವನು ಬರೆದುಕೊಟ್ಟ ನಂಬರಿಗೆ ಮಾಡಿದರೆ ಬೇರೆ ಯಾರೋ ಎತ್ತಿದರು.

ಕಾರಣ ಇಷ್ಟೇ. ಜರ್ಮನ್‌ನಲ್ಲಿ ಎರಡಂಕಿಯನ್ನು ಹಿಂದುಮುಂದಾಗಿ ಹೇಳುತ್ತಾರೆ. ಎಂಬತ್ತೆರಡಕ್ಕೆ 'ಎರಡು ಮತ್ತು ಎಂಬತ್ತು'. ಕೇಳುತ್ತಾ ಬರೆಯುವವನು ಮೊದಲು 2 ಬರೆದು ಆಮೇಲೆ 8 ಬರೆಯುತ್ತಾನೆ. ನಮ್ಮ ಮೊಬೈಲ್ ಹಾಗೆ ಹತ್ತೇ ಅಂಕಿ ಅಂತಲೂ ಇಲ್ಲ. ಅವರ ಲ್ಯಾಂಡ್‌ಲೈನ್ ಊರಿಗೊಂದು ಉದ್ದ. ಎಣಿಸಿ ತಪ್ಪು ಹಿಡಿಯಲು ಆಗುವುದೇ ಇಲ್ಲ. ಸೊನ್ನೆಯಿಂದ ಶುರುವಾಗುವ ಊರಿನ ಕೋಡ್ ಹೇಳಿದರೆ ಇಲ್ಲಿಂದ ಮಾಡುವಾಗ ಆ ಸೊನ್ನೆ ಬಿಡಬೇಕು. ಫ್ರೈಬುರ್ಗ್‌ನವರು 0761 ಅಂದರೆ ನಾವು ಒತ್ತಬೇಕಾದ್ದು 0049 761. ಇದನ್ನ ಕಲಿಯುವುದಕ್ಕೆ ನನಗೆ ನಾಲ್ಕು ರಾಂಗ್ ನಂಬರ್ ಬೇಕಾಯಿತು.

ದಾರಿ ತೋರಿಸಿದ್ದು ಫ್ರೈಬುರ್ಗ್‌ನಿಂದಲೇ ಬಂದಿದ್ದ ಒಬ್ಬ ರಿಟೈರ್ಡ್ ಟೀಚರಮ್ಮ. ಜಗಲಿಯಲ್ಲಿ ಕಾಫಿ ಕುಡಿಯುತ್ತಾ ಮೆಷಿನ್ ದನಿ ಕೇಳಿಸಿಕೊಂಡು, "ಇದು ನೀವು ಅಲ್ಲವಲ್ಲ" ಅಂದರು. ನೀವೇ ಮಾತಾಡಿ, ಕೆಟ್ಟದಾಗಿ ಮಾತಾಡಿದರೂ ಪರವಾಗಿಲ್ಲ, ಆಗ ಎದುರಿಗಿನವರು ತಾವಾಗಿಯೇ ನಿಧಾನ ಮಾಡುತ್ತಾರೆ ಅಂತ ಅವರ ವಾದ. ಇಡೀ ಉಪಾಯ ಇದೇ. ದನಿ ಕೇಳಿದ ಕೂಡಲೇ ನಮ್ಮ ಜರ್ಮನ್ ಎಷ್ಟು ಅಂತ ಅವರಿಗೆ ಗೊತ್ತಾಗಬೇಕು.

ಒಂದು ಮಧ್ಯಾಹ್ನ ಕೂತು ಬರೆದೆವು. ನಾನು ಎಲ್ಲವನ್ನೂ ಕನ್ನಡ ಅಕ್ಷರದಲ್ಲಿ ಬರೆದುಕೊಂಡೆ. ಇಂಗ್ಲಿಷ್ ಅಕ್ಷರ ನೋಡಿ ಓದಿದರೆ ನಾಲಿಗೆ ಇಂಗ್ಲಿಷ್ ಕಡೆಗೇ ಎಳೆಯುತ್ತದೆ. ಕನ್ನಡದಲ್ಲಿ ದೀರ್ಘ, ಹ್ರಸ್ವ ಎರಡೂ ಇರುವುದು ದೊಡ್ಡ ಅನುಕೂಲ. ಗೂಟನ್ ಅನ್ನುವಲ್ಲಿ ಗೂ ಉದ್ದ, ಬಿಟ್ಟೆ ಅನ್ನುವಲ್ಲಿ ಬಿ ಗಿಡ್ಡ. ಆದರೆ ನಮ್ಮ ಬಾಯಿಯ ಒಂದು ಚಾಳಿ ಬಹಳ ಕಾಟ ಕೊಟ್ಟಿತು, ಪದದ ಕೊನೆಗೆ 'ಉ' ಸೇರಿಸುವುದು. ನಾನು 'ಟಾಗು' ಅನ್ನುತ್ತಿದ್ದೆ. ಅಲ್ಲಿ ಕೊನೆಯ ಗ ಕೂಡ ಗಟ್ಟಿಯಾಗಿ ಕ್ ಆಗುತ್ತದೆ: ಗೂಟನ್ ಟಾಕ್. 'ಮತ್ತು' ಅನ್ನುವುದಕ್ಕೆ ಅವರದು ಉಂಟ್. ನನ್ನ ಬಾಯಲ್ಲಿ ಉಂಡು. 'ದಯವಿಟ್ಟು' ಅನ್ನುವುದಕ್ಕೆ ಬಿಟ್ಟೆ. ಒಳಗಿಂದ ನನ್ನ ಹೆಂಡತಿ, "ಏನ್ರೀ, ಬೆಳಗಿಂದ ಉಂಡು ಬಿಟ್ಟೆ, ಉಂಡು ಬಿಟ್ಟೆ ಅಂತಿದ್ದೀರಿ, ಇನ್ನೂ ಅಡುಗೆನೇ ಆಗಿಲ್ಲ" ಅಂದಳು. ಟೀಚರಮ್ಮನಿಗೆ ಇದನ್ನ ಬಿಡಿಸಿ ಹೇಳುವಷ್ಟರಲ್ಲಿ ಸಾಕಾಯಿತು.

ಫ್ಯೂರ್ ಅನ್ನುವ ಪದಕ್ಕೆ ಅವರು ಹೇಳಿಕೊಟ್ಟ ರೀತಿ: ತುಟಿ 'ಊ' ಅನ್ನುವ ಹಾಗೆ ಮುಂದೆ ತಂದು ಒಳಗೆ 'ಈ' ಅನ್ನಿ. ಹತ್ತು ಸಲ ಮಾಡಿದರೆ ಬರುತ್ತದೆ. ಬರದಿದ್ದರೂ ಅರ್ಥ ಆಗುತ್ತದೆ.

ಕೊನೆಗೆ ನಿಂತ ಮಾತು ಹೀಗೆ. ಮೊದಲು ನಮಸ್ಕಾರ, ಮನೆಯ ಹೆಸರು, 'ಇಂಡಿಯಾದಲ್ಲಿ' ಅನ್ನುವ ಮಾತು. ಕೋಡ್ ತಪ್ಪಿ ಬೇರೆಲ್ಲೋ ಬಿದ್ದಿಲ್ಲ ಅಂತ ಅವರಿಗೆ ಧೈರ್ಯ ಬರಬೇಕು. ಆಮೇಲೆ ನಮಗೆ ಜರ್ಮನ್ ಸ್ವಲ್ಪವೇ ಬರುತ್ತದೆ, ನಿಧಾನವಾಗಿ ಮಾತಾಡಿ, ಇಂಗ್ಲಿಷ್ ಆದರೂ ಸರಿ. ಅದರ ನಂತರ ಮುಖ್ಯವಾದ ಸಾಲು: ಹೆಸರು ಹೇಳಿ, ನಂಬರನ್ನು 'ಟ್ಸಿಫರ್ ಫ್ಯೂರ್ ಟ್ಸಿಫರ್, ಬಿಟ್ಟೆ ಟ್ಸ್ವೈಮಾಲ್'. ಒಂದೊಂದೇ ಅಂಕಿಯಾಗಿ, ಎರಡು ಸಲ ಅಂತ ಅರ್ಥ. ಎಂಬತ್ತೆರಡರ ಗೋಳು ಈ ಒಂದು ಸಾಲಿನಿಂದ ನಿಂತಿತು. ಎರಡು ಸಲ ಹೇಳಿದ್ದು ಒಂದಕ್ಕೊಂದು ತಾಳೆಯಾದರೆ ಮಾತ್ರ ಡಯಲ್ ಮಾಡುತ್ತೇನೆ. ಇನ್ನೊಂದು ತಮಾಷೆ, ಎರಡಕ್ಕೆ ಟ್ಸ್ವೈ ಮತ್ತು ಮೂರಕ್ಕೆ ದ್ರೈ ಫೋನಿನಲ್ಲಿ ಒಂದೇ ಥರ ಕೇಳುತ್ತವೆ ಅಂತ ಅವರೇ ಎರಡಕ್ಕೆ ಟ್ಸ್ವೋ ಅನ್ನುತ್ತಾರೆ. ಮೊದಲ ಸಲ ಕೇಳಿದಾಗ ಇದ್ಯಾವ ಹೊಸ ಅಂಕಿ ಅಂತ ಹೆದರಿದ್ದೆ.

ಮುಗಿಸುವಾಗ 'ಔಫ್ ವೀಡರ್‌ಜೇಎನ್' ಅನ್ನಬಾರದು. ಅದು 'ಮತ್ತೆ ನೋಡೋಣ'. ಫೋನಿನಲ್ಲಿ 'ಔಫ್ ವೀಡರ್‌ಹ್ಯೋರನ್', ಅಂದರೆ 'ಮತ್ತೆ ಕೇಳೋಣ'. ಅದಕ್ಕೂ ಮುಂಚೆ ಒಂದು ಸಣ್ಣ ಸಾಲಿದೆ, ಅದನ್ನ ಕೇಳಿ ನಕ್ಕೇ ಮೆಸೇಜ್ ಶುರು ಮಾಡುತ್ತಾರೆ. ಅದನ್ನ ಮಾತ್ರ ಇಲ್ಲಿ ಬರೆಯುವುದಿಲ್ಲ. ನಮ್ಮ ಪಕ್ಕದ ಊರಿನಲ್ಲೂ ಹೋಮ್‌ಸ್ಟೇ ಇದೆ ನೋಡಿ.

ಸಮಯದ ವಿಷಯದಲ್ಲಿ ಎರಡು ಪೆಟ್ಟು ತಿಂದೆ. ಒಂದು, ಡಿಸೆಂಬರ್‌ನಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಹುರುಪಿನಿಂದ ವಾಪಸ್ ಫೋನ್ ಮಾಡಿದೆ. ಅಲ್ಲಿ ನಾಲ್ಕೂವರೆ ಜಾವ. ಆ ಹೆಂಗಸು ಬೈಯಲಿಲ್ಲ, ಆದರೆ ಬರಲೂ ಇಲ್ಲ. ಇನ್ನೊಂದು, ನಾಳೆ ಹತ್ತೂವರೆಗೆ ಮಾಡುತ್ತೇವೆ ಅನ್ನುವುದಕ್ಕೆ ನಾನೇ ಜಾಣತನದಿಂದ 'ಹಾಲ್ಪ್ ಟ್ಸೇನ್' ಅಂತ ಸೇರಿಸಿದ್ದೆ. ಅರ್ಧ ಹತ್ತು ಅಂದರೆ ಹತ್ತೂವರೆ ಅಂತ ನನ್ನ ಲೆಕ್ಕ. ಅವರಿಗೆ ಅದು ಹತ್ತರ ಕಡೆಗೆ ಅರ್ಧ, ಅಂದರೆ ಒಂಬತ್ತೂವರೆ. ಒಂದು ಗಂಟೆ ಕಾದು ಅವರು ಪೇಟೆಗೆ ಹೋಗಿದ್ದರು. ಈಗ 'ನಾಳೆ ಹತ್ತರಿಂದ ಹನ್ನೊಂದರ ಒಳಗೆ, ಜರ್ಮನ್ ಸಮಯ' ಅಂತಲೇ ಇದೆ. ಅರ್ಧದ ಸಹವಾಸವೇ ಬೇಡ. ಅವರ ಸಮಯದಲ್ಲೇ ಹೇಳಿದ್ದರಿಂದ, ಅವರು ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ ಗಡಿಯಾರ ತಿರುಗಿಸಿದಾಗ ರೆಕಾರ್ಡಿಂಗ್ ಮುಟ್ಟಬೇಕಿಲ್ಲ. ನನ್ನ ಅಲಾರಂ ಮಾತ್ರ ಚಳಿಗಾಲದಲ್ಲಿ ಎರಡೂವರೆಗೆ, ಬೇಸಿಗೆಯಲ್ಲಿ ಒಂದೂವರೆಗೆ.

ರೆಕಾರ್ಡಿಂಗ್ ಮಾಡಿದ್ದು ಅಡಿಕೆ ಇಡುವ ಕೋಣೆಯಲ್ಲಿ. ಹಾಲ್‌ನಲ್ಲಿ ಹೆಂಚಿನ ಮೇಲೆ ಮಳೆ, ಜಗಲಿಯಲ್ಲಿ ಜೀರುಂಡೆ. ಅಡಿಕೆ ತುಂಬಿದ ಗೋಣಿಚೀಲಗಳ ಮಧ್ಯೆ ನಿಂತರೆ ಗೋಡೆಯ ಮಾರ್ದನಿ ಪೂರ್ತಿ ಸಾಯುತ್ತದೆ, ಸ್ಟುಡಿಯೋ ಯಾಕೆ ಬೇಕು? ಒಂದು ಕ್ಷಣ ಸುಮ್ಮನಿದ್ದು ಆಮೇಲೆ ಶುರು ಮಾಡಿ. ಇಲ್ಲದಿದ್ದರೆ ಲೈನ್ ಎತ್ತಿಕೊಳ್ಳುವಷ್ಟರಲ್ಲಿ ಮೊದಲ ಅಕ್ಷರ ಹೋಗಿ 'ಟನ್ ಟಾಕ್' ಅಂತ ಕೇಳುತ್ತದೆ. ಮೆಷಿನ್‌ನ ಸ್ಪೀಕರ್‌ನಲ್ಲಿ ಕೇಳಿ ಚೆನ್ನಾಗಿದೆ ಅಂತ ಮೋಸ ಹೋಗಬೇಡಿ. ಫೋನ್ ಲೈನ್ ಸುಮಾರು 300ರಿಂದ 3400 ಹರ್ಟ್ಜ್ ವರೆಗಿನ ದನಿ ಮಾತ್ರ ಬಿಡುತ್ತದೆ. ಸ ಮತ್ತು ಫ ಒಂದೇ ಆಗಿಬಿಡುತ್ತವೆ. ನಾನು ಕೊಪ್ಪದಲ್ಲಿರುವ ಭಾವನಿಗೆ ಫೋನ್ ಮಾಡಲು ಹೇಳಿ, ಅವರ ಕಡೆಯಿಂದ ಹೇಗೆ ಕೇಳುತ್ತದೆ ಅಂತ ನೋಡಿದೆ. ಟ್ಸಿಫರ್ ಅನ್ನುವುದು 'ಚಿಸರ್' ಆಗಿತ್ತು. ಏಳೋ ಎಂಟೋ ಸಲ ಮತ್ತೆ ಹೇಳಿದೆ.

ಮಧ್ಯೆ ಫ್ರೆಂಚ್‌ಗೂ ಕೈ ಹಾಕಿದ್ದುಂಟು. ವರ್ಷಕ್ಕೆ ಮೂರು ನಾಲ್ಕು ಫ್ರೆಂಚ್ ಜೋಡಿ ಬರುತ್ತಾರೆ ಅಂತ ಅದೇ ಮೆಷಿನ್‌ನಲ್ಲಿ ಜರ್ಮನ್ ಆದ ಮೇಲೆ ಫ್ರೆಂಚ್ ಸೇರಿಸಿದೆ. ಒಟ್ಟು ಐವತ್ತು ಸೆಕೆಂಡ್ ದಾಟಿತು, ಎರಡೂ ಕಡೆಯವರು ಇಟ್ಟುಹೋಗತೊಡಗಿದರು. ಫ್ರೆಂಚರು ನಂಬರನ್ನು ಎರಡೆರಡು ಅಂಕಿಯಾಗಿ ಹೇಳುವವರು. ಎಪ್ಪತ್ತಾರಕ್ಕೆ 'ಅರವತ್ತು ಹದಿನಾರು'. ಒಂದೊಂದೇ ಹೇಳಿ, 'ಶಿಫ್ರ್ ಪಾರ್ ಶಿಫ್ರ್' ಅಂತ ಬೇಡಿಕೊಂಡರೂ ಅಭ್ಯಾಸ ಬಿಡಲಿಲ್ಲ. ನಾನು 60, 16 ಅಂತ ಬರೆದುಕೊಂಡು ಕೂತಿದ್ದೆ. ತೆಗೆದುಹಾಕಿದೆ. ಅವರಿಗೆ ಇಮೇಲ್ ಸಾಕು. ಜರ್ಮನ್ ಮಾತ್ರ ಇಟ್ಟ ಮೇಲೆ ಮೂವತ್ತು ಸೆಕೆಂಡ್ ಒಳಗೆ ನಿಂತಿದೆ.

ಹೊಸ ಮೆಷಿನ್‌ಗೆ ನಾಲ್ಕು ಸಾವಿರದ ಆಸುಪಾಸು, ಮೆಷಿನ್ ಮತ್ತು ಫೈಬರ್ ಡಬ್ಬಿ ಎರಡನ್ನೂ ಇನ್ವರ್ಟರ್‌ಗೆ ಎಳೆದಿದ್ದಕ್ಕೆ ಆರುನೂರು. ಹಳೆಯ ದಂಡ ಸೇರಿಸಿದರೆ ಹತ್ತಿರ ಹತ್ತಿರ ಹತ್ತು ಸಾವಿರ. ನವೆಂಬರ್‌ನಿಂದ ಫೆಬ್ರವರಿವರೆಗೆ ನಲವತ್ತು, ನಲವತ್ತೈದು ಕರೆ ಮೆಷಿನ್‌ಗೆ ಬಿದ್ದಿರಬಹುದು. ಮೂವತ್ತರಷ್ಟು ಜನ ಮೆಸೇಜ್ ಬಿಟ್ಟರು. ಒಂಬತ್ತು ಬುಕಿಂಗ್ ಆಯಿತು. ಮೆಸೇಜ್ ಬಿಟ್ಟವರಲ್ಲಿ ಮುಕ್ಕಾಲು ಪಾಲು ಇಂಗ್ಲಿಷ್‌ನಲ್ಲೇ ಮಾತಾಡಿದರು. ಹಾಗಾದ್ರೆ ಇಂಗ್ಲಿಷ್ ಇಟ್ಟಿದ್ದರೆ ಆಗುತ್ತಿರಲಿಲ್ವಾ ಅಂತ ಗೆಳೆಯರು ಕೇಳಿದರು. ಇಟ್ಟಿದ್ದೆನಲ್ಲ, ಹದಿನೈದಕ್ಕೆ ಎರಡು!

ಟೀಚರಮ್ಮ ಜನವರಿಯಲ್ಲಿ ಮನೆಯಿಂದ ಫೋನ್ ಮಾಡಿ ಪರೀಕ್ಷೆ ಮಾಡಿದರು. ಮೆಸೇಜ್‌ನಲ್ಲಿ ಹೆಸರು, ಒಂದೊಂದೇ ಅಂಕಿಯಾಗಿ ನಂಬರ್ ಎರಡು ಸಲ, ಆಮೇಲೆ ಸ್ವಲ್ಪ ತಡೆದು ಕನ್ನಡದಲ್ಲಿ "ಉಂಡು ಬಿಟ್ಟೆ" ಅಂತ ಹೇಳಿ ಇಟ್ಟಿದ್ದರು.