ಎಷ್ಟು ಪಾಸ್ ಬಿಟ್ಟುಕೊಟ್ಟರು? ಪ್ರೆಸ್ಸಿಂಗ್ ಅಳೆಯುವುದು ಹೀಗೆ

ಟಿವಿಯಲ್ಲಿ ಫುಟ್‌ಬಾಲ್ ನೋಡುವಾಗ ‘ಈ ತಂಡ ಸಖತ್ತಾಗಿ ಪ್ರೆಸ್ ಮಾಡ್ತಿದೆ’ ಎಂಬ ಮಾತು ಕೇಳುತ್ತಲೇ ಇರುತ್ತೇವೆ. ಸಖತ್ತು ಅಂದರೆ ಎಷ್ಟು? ಆಟಗಾರರು ಜಾಸ್ತಿ ಓಡಿದರೆ ಪ್ರೆಸ್ಸಿಂಗ್ ಆಯಿತೇ? ಸುಮ್ನೆ ಓಡುವುದಕ್ಕೂ ಎದುರಾಳಿಗೆ ಉಸಿರಾಡಲು ಬಿಡದಿರುವುದಕ್ಕೂ ವ್ಯತ್ಯಾಸವಿದೆ.

2014ರಲ್ಲಿ ಕಾಲಿನ್ ಟ್ರೇನರ್ ಎಂಬ ವಿಶ್ಲೇಷಕ ಇದಕ್ಕೊಂದು ಸರಳ ಲೆಕ್ಕ ಕೊಟ್ಟರು. ಎದುರಾಳಿ ಎಷ್ಟು ಪಾಸ್ ಕೊಟ್ಟ ಮೇಲೆ ನಮ್ಮವರು ಒಮ್ಮೆ ಕೈಹಾಕುತ್ತಾರೆ, ಅಂದರೆ ಕಾಲುಹಾಕುತ್ತಾರೆ? ಅಷ್ಟೇ ಪ್ರಶ್ನೆ. ಇದರ ಹೆಸರು ‘ಪಾಸಸ್ ಪರ್ ಡಿಫೆನ್ಸಿವ್ ಆ್ಯಕ್ಷನ್’, ಚಿಕ್ಕದಾಗಿ ಪಿಪಿಡಿಎ. ಅಂಕಿ ಚಿಕ್ಕದಾದಷ್ಟೂ ಒತ್ತಡ ಜಾಸ್ತಿ. ಕಾಗದ, ಪೆನ್ನು ಮತ್ತು ಜೊತೆಗೊಬ್ಬ ಗೆಳೆಯನಿದ್ದರೆ ಮನೆಯಲ್ಲೇ ಲೆಕ್ಕ ಹಾಕಬಹುದು.

ಮೊದಲು ಗೆರೆ ಎಳೆಯಿರಿ

ಇಡೀ ಮೈದಾನವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲ. ತಮ್ಮ ಗೋಲಿನ ಮುಂದೆ ಚೆಂಡು ಬಂದರೆ ಎಂಥ ಸೋಮಾರಿ ತಂಡವೂ ಕಾಲು ಚಾಚುತ್ತದೆ. ಅದು ಪ್ರೆಸ್ಸಿಂಗ್ ಅಲ್ಲ, ಜೀವ ಉಳಿಸಿಕೊಳ್ಳುವ ಕೆಲಸ. ಹಾಗಾಗಿ ಒತ್ತಡ ಹಾಕುವ ತಂಡದ ಗೋಲಿನ ಕಡೆಯ ಶೇ 40ರಷ್ಟು ಜಾಗ ಲೆಕ್ಕಕ್ಕಿಲ್ಲ. ಉಳಿದ ಶೇ 60, ಅಂದರೆ ಎದುರಾಳಿಯ ಗೋಲಿನಿಂದ ಶುರುವಾಗಿ ಮಧ್ಯದ ಗೆರೆಯನ್ನು ತುಸು ದಾಟುವವರೆಗಿನ ಭಾಗ ಮಾತ್ರ ನಮಗೆ ಬೇಕು.

ಟಿವಿ ಪರದೆಯಲ್ಲಿ ಇದನ್ನು ಗುರುತಿಸುವುದು ಹೇಗೆ? ಮೈದಾನದ ಉದ್ದ 105 ಮೀಟರ್ ಎಂದುಕೊಂಡರೆ ನಮ್ಮ ಗೆರೆ ಮಧ್ಯದ ಗೆರೆಯಿಂದ 10.5 ಮೀಟರ್ ಆಚೆ ಬೀಳುತ್ತದೆ. ಮಧ್ಯದ ವೃತ್ತದ ತ್ರಿಜ್ಯ 9.15 ಮೀಟರ್. ಅಂದರೆ ಒತ್ತಡ ಹಾಕುವ ತಂಡದ ಅರ್ಧದಲ್ಲಿ ಆ ವೃತ್ತದ ಅಂಚು ಎಲ್ಲಿ ಮುಗಿಯುತ್ತದೋ, ಅಲ್ಲಿಂದ ಒಂದೂವರೆ ಹೆಜ್ಜೆ ಹಿಂದೆ. ಇಷ್ಟು ಅಂದಾಜು ಸಾಕು. ವಿರಾಮದ ನಂತರ ತಂಡಗಳು ಬದಿ ಬದಲಿಸುತ್ತವೆ, ನಿಮ್ಮ ಗೆರೆಯೂ ಆಚೆ ಬದಿಗೆ ಹೋಗಬೇಕು. ಇದನ್ನು ಮರೆತು ಅರ್ಧ ಪಂದ್ಯದ ಲೆಕ್ಕ ಹಾಳು ಮಾಡಿಕೊಂಡವರಲ್ಲಿ ನಾನೂ ಒಬ್ಬ.

ಇಬ್ಬರು, ಎರಡು ಎಣಿಕೆ

ಒಬ್ಬರು ಎದುರಾಳಿಯ ಪಾಸ್‌ಗಳನ್ನು ಮಾತ್ರ ಎಣಿಸಲಿ. ನಾಲ್ಕು ಗೀಟು, ಐದನೆಯದು ಅಡ್ಡಗೀಟು. ಪಾಸ್ ಎಲ್ಲಿ ಹೊರಟಿತು ಎಂಬುದು ಮುಖ್ಯ, ಎಲ್ಲಿ ಮುಟ್ಟಿತು ಎಂಬುದಲ್ಲ. ಗೆರೆಯೊಳಗಿಂದ ಹೊರಟರೆ ಒಂದು ಗೀಟು.

ಇನ್ನೊಬ್ಬರು ಒತ್ತಡ ಹಾಕುವ ತಂಡದ ನಾಲ್ಕು ಕೆಲಸಗಳನ್ನು ಎಣಿಸಬೇಕು. ಟ್ಯಾಕಲ್ ಮಾಡಿ ಚೆಂಡು ಕಿತ್ತುಕೊಂಡರೆ ಒಂದು. ಪಾಸನ್ನು ನಡುವೆ ತಡೆದು ಹಿಡಿದರೆ ಒಂದು. ಟ್ಯಾಕಲ್‌ಗೆ ಹೋಗಿ, ಎದುರಾಳಿ ತಪ್ಪಿಸಿಕೊಂಡು ಮುಂದೆ ಹೋದರೂ ಒಂದು. ಫೌಲ್ ಮಾಡಿದರೂ ಒಂದು. ಸೋತ ಟ್ಯಾಕಲ್ ಮತ್ತು ಫೌಲ್ ಏಕೆ ಎಂದು ಅನೇಕರು ಕೇಳುತ್ತಾರೆ. ನಾವು ಅಳೆಯುತ್ತಿರುವುದು ಪ್ರೆಸ್ಸಿಂಗ್ ಎಷ್ಟು ಗೆದ್ದಿತು ಎಂಬುದನ್ನಲ್ಲ, ಎಷ್ಟು ಬಿರುಸಾಗಿತ್ತು ಎಂಬುದನ್ನು. ಕಾಲು ಹಾಕಿದ್ದಂತೂ ನಿಜ ಅಲ್ವಾ? ಆದರೆ ಚೆಂಡು ತಮ್ಮ ಬಳಿಯೇ ಇದ್ದಾಗ ಮಾಡಿದ ಫೌಲನ್ನು ಸೇರಿಸಬೇಡಿ.

ಈಗ ಭಾಗಿಸಿ. ಉದಾಹರಣೆಗೆ 15 ನಿಮಿಷದಲ್ಲಿ ಎದುರಾಳಿ ಗೆರೆಯೊಳಗಿಂದ 66 ಪಾಸ್ ಕೊಟ್ಟರು ಎಂದುಕೊಳ್ಳಿ. ನಮ್ಮವರು 2 ಟ್ಯಾಕಲ್ ಗೆದ್ದರು, 2 ಪಾಸ್ ತಡೆದರು, ಒಮ್ಮೆ ಟ್ಯಾಕಲ್‌ನಲ್ಲಿ ಸೋತರು, ಒಂದು ಫೌಲ್. ಒಟ್ಟು 6. ಪಿಪಿಡಿಎ 66/6, ಅಂದರೆ 11. ದೊಡ್ಡ ಲೀಗ್‌ಗಳಲ್ಲಿ ಇಡೀ ಸೀಸನ್‌ನ ಸರಾಸರಿ 8–9ರ ಹತ್ತಿರವಿದ್ದರೆ ಆ ತಂಡ ಎದುರಾಳಿಯ ಬೆನ್ನು ಬಿಡುವುದಿಲ್ಲ ಎಂದರ್ಥ. 15 ದಾಟಿದರೆ ಹಿಂದೆ ಕೂತು ಕಾಯುವ ತಂಡ.

ಆದರೆ ಅದೇ 15 ನಿಮಿಷದಲ್ಲಿ ರೆಫರಿ ಇನ್ನೊಂದು ಫೌಲ್ ಕೊಟ್ಟಿದ್ದರೆ? 66/7, ಸುಮಾರು 9.4. ಆ ಒಂದು ಫೌಲನ್ನೂ ಕೊಡದೆ ಬಿಟ್ಟಿದ್ದರೆ 66/5, ಅಂದರೆ 13.2. ಒಂದು ಸೀಟಿಗೆ ತಂಡದ ಸ್ವಭಾವವೇ ಬದಲಾದಂತೆ ಕಾಣುತ್ತದೆ. ಚಿಕ್ಕ ಅವಧಿಯ ಅಂಕಿಯನ್ನು ನಂಬಬೇಡಿ ಎನ್ನುವುದು ಇದಕ್ಕೇ.

ಹಾಗಂತ ಇಡೀ ಪಂದ್ಯದ ಅಂಕಿಯನ್ನು ಕಣ್ಣುಮುಚ್ಚಿ ನಂಬಬಹುದೇ?

ಕತಾರ್‌ನ ಆರು ನಿಮಿಷ

2022ರ ಡಿಸೆಂಬರ್ 1, ಕತಾರ್ ವಿಶ್ವಕಪ್, ಜಪಾನ್ ಮತ್ತು ಸ್ಪೇನ್ ಪಂದ್ಯ. 11ನೇ ನಿಮಿಷದಲ್ಲಿ ಸ್ಪೇನಿನ ಮೊರಾಟಾ ಗೋಲು ಹೊಡೆದರು. ಮೊದಲರ್ಧ ಪೂರ್ತಿ ಜಪಾನ್ ಹಿಂದೆ ನಿಂತು ನೋಡಿತು, ಸ್ಪೇನ್ ಪಾಸ್ ಕೊಡುತ್ತಲೇ ಹೋಯಿತು. ಪಂದ್ಯ ಮುಗಿಯುವಷ್ಟರಲ್ಲಿ ಸ್ಪೇನಿನದು ಸಾವಿರಕ್ಕೂ ಹೆಚ್ಚು ಪಾಸ್. ಚೆಂಡು ಜಪಾನಿನ ಬಳಿ ಇದ್ದದ್ದು ಸುಮಾರು ಶೇ 18ರಷ್ಟು ಹೊತ್ತು ಮಾತ್ರ.

ಇಂಥ ಪಂದ್ಯದಲ್ಲಿ ಜಪಾನಿನ ಪಿಪಿಡಿಎ ದೊಡ್ಡದಾಗಿಯೇ ಬರುತ್ತದೆ. ಅಂಕಿಯನ್ನಷ್ಟೇ ನೋಡಿದವರು ‘ಜಪಾನ್ ಪ್ರೆಸ್ ಮಾಡಲೇ ಇಲ್ಲ’ ಎಂದು ಬರೆದುಬಿಡುತ್ತಾರೆ. ಆದರೆ ಜಪಾನ್ ಗೆದ್ದದ್ದೇ ಪ್ರೆಸ್ಸಿಂಗ್‌ನಿಂದ. ವಿರಾಮದಲ್ಲಿ ಕೋಚ್ ಮೊರಿಯಾಸು ಡೋಆನ್ ಮತ್ತು ಮಿಟೊಮಾ ಅವರನ್ನು ಇಳಿಸಿದರು. ಆಟ ಶುರುವಾದ ಕೂಡಲೇ ಇಡೀ ತಂಡ ಸ್ಪೇನಿನ ಗೋಲಿನತ್ತ ನುಗ್ಗಿತು. 48ನೇ ನಿಮಿಷದಲ್ಲಿ ಗೋಲ್‌ಕೀಪರ್ ಉನಾಯ್ ಸಿಮೋನ್ ಒತ್ತಡದಲ್ಲಿ ಎಡಗಡೆ ಬಾಲ್ಡೆಯತ್ತ ಚೆಂಡು ಕಳಿಸಿದರು. ಅಲ್ಲಿ ಜಪಾನಿನ ಇಟೊ ಬಾಲ್ಡೆ ಮೇಲೆ ಮುಗಿಬಿದ್ದರು, ಚೆಂಡು ಡೋಆನ್‌ಗೆ ಸಿಕ್ಕಿತು, ಎಡಗಾಲಿನ ಹೊಡೆತಕ್ಕೆ ಗೋಲು. 51ರಲ್ಲಿ ಟನಾಕಾ ಎರಡನೆಯದು ಸೇರಿಸಿದರು. ಆಮೇಲೆ ಜಪಾನ್ ಮತ್ತೆ ಹಿಂದೆ ಹೋಗಿ ನಿಂತಿತು, 2–1ಕ್ಕೆ ಗೆದ್ದಿತು.

ಆ ಆರು ನಿಮಿಷದ ಬಿರುಸು 90 ನಿಮಿಷದ ಸರಾಸರಿಯಲ್ಲಿ ಕರಗಿಹೋಗುತ್ತದೆ. ಆರೇ ನಿಮಿಷವನ್ನು ಬೇರೆ ಮಾಡಿದರೆ, ಮೇಲೆ ಹೇಳಿದ ಒಂದು ಸೀಟಿಯ ತೊಂದರೆ. ನನ್ನ ಮಟ್ಟಿಗೆ ದಾರಿ ಇಷ್ಟೇ: ಒಂದು ಪಂದ್ಯವಾದರೆ ಸ್ಕೋರ್ ಬದಲಾದಲ್ಲೆಲ್ಲ ಎಣಿಕೆಯನ್ನು ತುಂಡರಿಸಿ, ಭಾಗಿಸುವ ಬದಲು ಪಾಸ್ ಮತ್ತು ಕೆಲಸಗಳ ಸಂಖ್ಯೆಯನ್ನು ಅಕ್ಕಪಕ್ಕ ಬರೆದಿಡಿ. ಹತ್ತು–ಹದಿನೈದು ಪಂದ್ಯ ಸೇರಿದ ಮೇಲೆ ಭಾಗಿಸಿ.

ಇಟೊ ಮಾಡಿದ್ದನ್ನು ನೀವು ಏನೆಂದು ಬರೆದುಕೊಳ್ಳುತ್ತೀರಿ? ಪಾಸ್ ತಡೆದದ್ದು ಎಂದರೆ ಒಂದು ಗೀಟು. ಗಾಳಿಯಲ್ಲಿ ಚೆಂಡಿಗಾಗಿ ನಡೆದ ಹೋರಾಟ ಎಂದರೆ ಗೀಟಿಲ್ಲ, ಅದು ನಮ್ಮ ನಾಲ್ಕರ ಪಟ್ಟಿಯಲ್ಲೇ ಇಲ್ಲ. ಇನ್ನು ಸಿಮೋನ್‌ರತ್ತ ಓಡಿ ಗಡಿಬಿಡಿ ಮಾಡಿದವರಿಗಂತೂ ಏನೂ ಸಿಗುವುದಿಲ್ಲ. ಚೆಂಡನ್ನು ಮುಟ್ಟದೆ ಎದುರಾಳಿಯನ್ನು ತಪ್ಪು ಪಾಸಿಗೆ ತಳ್ಳುವುದೇ ಪ್ರೆಸ್ಸಿಂಗ್‌ನ ಜೀವಾಳ, ಈ ಲೆಕ್ಕ ಅದನ್ನು ನೋಡುವುದೇ ಇಲ್ಲ. ಗೋಲ್‌ಕೀಪರ್ ಹೆದರಿ ಚೆಂಡನ್ನು ಉದ್ದಕ್ಕೆ ಒದ್ದರೆ ಅದೂ ಎದುರಾಳಿಯ ಖಾತೆಗೆ ಒಂದು ಪಾಸ್.

ಎಣಿಸಿ ಬೇಸರವಾದರೆ ಈ ವಿಶ್ವಕಪ್‌ನ ಪಂದ್ಯಗಳ ದತ್ತಾಂಶವನ್ನು ಸ್ಟ್ಯಾಟ್ಸ್‌ಬಾಂಬ್ ಕಂಪನಿ ಉಚಿತವಾಗಿ ಕೊಟ್ಟಿದೆ. ಅದರಲ್ಲಿ ಮೈದಾನದ ಉದ್ದ 120, ಆ ಉದ್ದದಲ್ಲಿ ಘಟನೆ ಎಲ್ಲಿ ನಡೆಯಿತು ಎಂಬುದೇ x, ಎರಡೂ ತಂಡ ಎಡದಿಂದ ಬಲಕ್ಕೆ ಆಡುವಂತೆ ಬರೆದಿರುತ್ತದೆ. ಹಾಗಾಗಿ ಸ್ಪೇನಿನ `Pass`ಗಳಲ್ಲಿ x 72ಕ್ಕಿಂತ ಕಡಿಮೆ ಇರುವುವನ್ನು ಆರಿಸಿ. ಜಪಾನಿನ `Interception`, `Foul Committed`, `Dribbled Past` ಮತ್ತು `Duel` ಒಳಗಿನ `Tackle`ಗಳಲ್ಲಿ x 48ಕ್ಕಿಂತ ಹೆಚ್ಚಿರುವುವನ್ನು ಆರಿಸಿ. ಅಲ್ಲೇ `Pressure` ಎಂಬ ಬೇರೆ ಸಾಲುಗಳೂ ಇವೆ, ಪಿಪಿಡಿಎಗೆ ಸೇರಿಸಬೇಡಿ. ಸಿಮೋನ್‌ರತ್ತ ಓಡಿದವರನ್ನು ಹುಡುಕಬೇಕಾದ ಜಾಗ ಅದು.